ನೆಗಡಿ ಮಾತ್ರೆ ಮತ್ತು ಮನೆಯಲ್ಲಿ ರಕ್ತದೊತ್ತಡದ ಪರೀಕ್ಷೆ

ನೆಗಡಿ, ಮೂಗು ಕಟ್ಟುವಿಕೆಗೆ ತೆಗೆದುಕೊಳ್ಳುವ ಹಲವು ಮಾತ್ರೆ, ಸಿರಪ್‌ಗಳಲ್ಲಿ ರಕ್ತನಾಳಗಳನ್ನು ಕುಗ್ಗಿಸುವ ಒಂದು ಔಷಧ ಸೇರಿರುತ್ತದೆ. ಇದನ್ನು ಡಿಕಂಜೆಸ್ಟೆಂಟ್ ಎನ್ನುತ್ತಾರೆ. ಈಗಾಗಲೇ ರಕ್ತದೊತ್ತಡ ಇರುವವರಲ್ಲಿ ಇದು ಒತ್ತಡವನ್ನು ಏರಿಸಬಹುದು ಎಂಬ ಎಚ್ಚರಿಕೆ ಅನೇಕ ದೇಶಗಳ ಔಷಧ ಪೊಟ್ಟಣಗಳ ಮೇಲಿರುತ್ತದೆ. ಮನೆಯಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡವರು ಈ ದಿನಗಳಲ್ಲಿ ಯಾವಾಗ ನೋಡಬೇಕು, ಬಂದ ಅಂಕಿಯಲ್ಲಿ ಎಷ್ಟು ಪಾಲು ಮಾತ್ರೆಯದು, ಎಷ್ಟು ಪಾಲು ಕಾಯಿಲೆಯದು, ಎಷ್ಟು ಪಾಲು ಅಳತೆಯ ತಪ್ಪಿನದು ಎಂಬುದು ಈ ಲೇಖನದ ವಿಷಯ.

ಮೂಗಿನಿಂದ ರಕ್ತನಾಳಕ್ಕೆ

ನೆಗಡಿಯಲ್ಲಿ ಮೂಗು ಕಟ್ಟುವುದಕ್ಕೆ ಸಿಂಬಳವೊಂದೇ ಕಾರಣವಲ್ಲ. ಮೂಗಿನ ಒಳಗೋಡೆಯಲ್ಲಿ ಸ್ಪಂಜಿನಂಥ ರಕ್ತನಾಳಗಳ ಜಾಲವಿದೆ. ವೈರಸ್ ತಗುಲಿದಾಗ ಅದರಲ್ಲಿ ರಕ್ತ ತುಂಬಿ ಗೋಡೆ ಊದಿಕೊಳ್ಳುತ್ತದೆ, ಗಾಳಿಯ ದಾರಿ ಕಿರಿದಾಗುತ್ತದೆ. ಎಷ್ಟು ಸೀನಿ ಸಿಂಬಳ ತೆಗೆದರೂ ಮೂಗು ಬಿಡದಿರುವುದು ಇದರಿಂದಲೇ. ಆ ನಾಳಗಳನ್ನು ಕುಗ್ಗಿಸಿದರೆ ಊತ ಇಳಿಯುತ್ತದೆ. ಆದರೆ ಬಾಯಿಯ ಮೂಲಕ ನುಂಗಿದ ಔಷಧಕ್ಕೆ ಮೂಗಿನ ನಾಳ ಯಾವುದು, ಕೈಕಾಲಿನ ನಾಳ ಯಾವುದು ಎಂಬ ಭೇದ ತಿಳಿಯದು. ಮೈಯ ಎಲ್ಲ ಕಡೆ ನಾಳಗಳು ಸ್ವಲ್ಪ ಬಿಗಿದರೆ ಒತ್ತಡ ಏರುತ್ತದೆ.

ಕರ್ನಾಟಕದ ಯಾವುದೇ ಮೆಡಿಕಲ್ ಶಾಪ್‌ನಲ್ಲಿ 'ನೆಗಡಿಗೆ ಒಂದು ಮಾತ್ರೆ ಕೊಡಿ' ಎಂದು ಕೇಳಿದರೆ ಸಿಗುವುದು ಸಾಮಾನ್ಯವಾಗಿ ಒಂದು ಮಿಶ್ರಣ: ಜ್ವರ, ಮೈಕೈ ನೋವಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ಸೋರುವ ಮೂಗಿಗೆ ಕ್ಲೋರ್‌ಫೆನಿರಮಿನ್ 2 ಮಿಲಿಗ್ರಾಂ, ಕಟ್ಟಿದ ಮೂಗಿಗೆ ಫಿನೈಲೆಫ್ರಿನ್ 5 ಅಥವಾ 10 ಮಿಲಿಗ್ರಾಂ. ಕೆಲವದರಲ್ಲಿ ಕೆಫೀನ್ ಕೂಡ ಇರುತ್ತದೆ. ಈ ಪಟ್ಟಿಯಲ್ಲಿ ರಕ್ತದೊತ್ತಡದವರು ಹುಡುಕಬೇಕಾದ ಹೆಸರು ಫಿನೈಲೆಫ್ರಿನ್. ಇನ್ನೊಂದು ಹೆಸರು ಸ್ಯೂಡೋಎಫೆಡ್ರಿನ್. ಇದನ್ನು ಬಳಸಿ ಮಾದಕವಸ್ತು ತಯಾರಿಸುವವರಿರುವುದರಿಂದ ಇದರ ಮೇಲೆ ಸರ್ಕಾರದ ಹಿಡಿತವಿದೆ. ಅಮೆರಿಕದಲ್ಲಿ 2006ರಿಂದ ಇದನ್ನು ಔಷಧಾಲಯದ ಕೌಂಟರಿನ ಹಿಂದೆ ಇಟ್ಟು, ಗುರುತಿನ ಚೀಟಿ ನೋಡಿ ಕೊಡುತ್ತಾರೆ. ಮಕ್ಕಳ ಮನೆಗೆಂದು ಆರು ತಿಂಗಳು ಅಲ್ಲಿಗೆ ಹೋಗುವ ನಮ್ಮ ಅಪ್ಪ ಅಮ್ಮಂದಿರು ಎದುರಿಸುವ ಗೊಂದಲವೂ ಇಲ್ಲೇ ಇದೆ. ಅಲ್ಲಿ ಅಲರ್ಜಿ ಮಾತ್ರೆಯ ಹೆಸರಿನ ಕೊನೆಗೆ 'ಡಿ' ಎಂದಿದ್ದರೆ ಡಿಕಂಜೆಸ್ಟೆಂಟ್ ಸೇರಿದೆ ಎಂದರ್ಥ. ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆಯ ಕೊನೆಯಲ್ಲಿ ಬರುವ 'ಡಿ' ವಾಂತಿ ತಡೆಯುವ ಡೊಂಪೆರಿಡೋನ್. ಒಂದೇ ಅಕ್ಷರ, ಎರಡು ಬೇರೆ ಸಂಗತಿ.

ಈ ಎರಡು ಔಷಧಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಫಿನೈಲೆಫ್ರಿನ್ ರಕ್ತಕ್ಕೆ ನೇರವಾಗಿ ಸೇರಿದರೆ ಬಹಳ ಬಲಶಾಲಿ. ಸಿಸೇರಿಯನ್‌ಗೆಂದು ಬೆನ್ನಿಗೆ ಅರಿವಳಿಕೆ ಕೊಟ್ಟಾಗ ಬಿ.ಪಿ. ಕುಸಿದರೆ, ಅದನ್ನು ಮೇಲೆತ್ತಲು ವೈದ್ಯರು ಇದೇ ಔಷಧವನ್ನು ಮಿಲಿಗ್ರಾಮಿನ ಹತ್ತರಲ್ಲೊಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ ಇಂಜೆಕ್ಷನ್ ಆಗಿ ಕೊಡುತ್ತಾರೆ. ಅಂಥದ್ದು, 10 ಮಿಲಿಗ್ರಾಂ ನುಂಗಿದವರ ಒತ್ತಡ ಸಾಮಾನ್ಯವಾಗಿ ಹೆಚ್ಚೇನೂ ಏರುವುದಿಲ್ಲ. ಕರುಳಿನ ಗೋಡೆ ಮತ್ತು ಯಕೃತ್ತು ಅದರ ಬಹುಪಾಲನ್ನು ರಕ್ತಕ್ಕೆ ಸೇರುವ ಮುನ್ನವೇ ಮುರಿದುಹಾಕುವುದೇ ಇದಕ್ಕೆ ಕಾರಣ. ಬಿ.ಪಿ. ಏರಿಸದ ಈ ದುರ್ಬಲತೆಯೇ ಮೂಗನ್ನು ಬಿಡಿಸದ ದುರ್ಬಲತೆಯೂ ಹೌದು. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ತಜ್ಞರ ಸಮಿತಿ, ಬಾಯಿಯ ಮೂಲಕ ತೆಗೆದುಕೊಳ್ಳುವ ಫಿನೈಲೆಫ್ರಿನ್ ಈ ಪ್ರಮಾಣದಲ್ಲಿ ಮೂಗು ಬಿಡಿಸುವುದಿಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ನವೆಂಬರ್‌ನಲ್ಲಿ ಆ ಇಲಾಖೆ ಅದನ್ನು ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ಕೈಬಿಡುವ ಪ್ರಸ್ತಾವವನ್ನೂ ಮುಂದಿಟ್ಟಿತು. ಹಾಗಿದ್ದ ಮೇಲೆ ಬಿ.ಪಿ. ಇರುವವರು ಕಡಿಮೆಯೆಂದರೂ ಇರುವ ಆ ಅಪಾಯವನ್ನು ಯಾವ ಲಾಭಕ್ಕಾಗಿ ತಲೆಯ ಮೇಲೆ ಎಳೆದುಕೊಳ್ಳಬೇಕು ಎಂದು ಕೇಳಿಕೊಳ್ಳುವುದು ನ್ಯಾಯ.

ಸ್ಯೂಡೋಎಫೆಡ್ರಿನ್ ಹಾಗಲ್ಲ. ಅದು ಕರುಳನ್ನು ದಾಟಿ ಪೂರ್ತಿಯಾಗಿಯೇ ರಕ್ತ ಸೇರುತ್ತದೆ. ನರಗಳ ತುದಿಯಿಂದ ನಾರ್‌ಅಡ್ರಿನಲಿನ್ ಬಿಡುಗಡೆ ಮಾಡಿಸಿ ನಾಳಗಳನ್ನು ಬಿಗಿಯುತ್ತದೆ, ಹೃದಯದ ಬಡಿತವನ್ನೂ ಚುರುಕುಗೊಳಿಸುತ್ತದೆ. ಮೂಗು ನಿಜವಾಗಿಯೂ ಬಿಡುತ್ತದೆ. 24 ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಇದು ಮೇಲಿನ ಒತ್ತಡವನ್ನು ಸರಾಸರಿ 1 ಮಿ.ಮೀ.ನಷ್ಟು, ನಾಡಿಬಡಿತವನ್ನು ನಿಮಿಷಕ್ಕೆ ಸುಮಾರು 3ರಷ್ಟು ಏರಿಸಿತ್ತು. ಔಷಧದಿಂದ ಹತೋಟಿಯಲ್ಲಿರುವ ಬಿ.ಪಿ. ರೋಗಿಗಳಲ್ಲೂ ಏರಿಕೆ ಹೆಚ್ಚುಕಡಿಮೆ ಅಷ್ಟೇ. ಸಂಖ್ಯೆ ನೋಡಿದರೆ 'ಇಷ್ಟೇನಾ' ಅನ್ನಿಸುತ್ತದೆ. ಆದರೆ ಸರಾಸರಿ ಎಂಬುದು ಹತ್ತು ಜನರ ಹಸಿವನ್ನು ಒಂದೇ ತಟ್ಟೆಯಲ್ಲಿ ಬಡಿಸಿದ ಹಾಗೆ. ಹೆಚ್ಚಿನವರಲ್ಲಿ ಏನೂ ಆಗದೆ, ಕೆಲವರಲ್ಲಿ 15-20 ಮಿ.ಮೀ. ಏರಿದರೂ ಸರಾಸರಿ ಸಣ್ಣದಾಗಿಯೇ ಕಾಣುತ್ತದೆ.

ಮನೆಯ ಯಂತ್ರಕ್ಕೆ ಕೆಲಸವಿರುವುದು ಇಲ್ಲೇ. ಒಬ್ಬರದೇ ತೋಳಿನಲ್ಲಿ ಎರಡು ನಿಮಿಷದ ಅಂತರದಲ್ಲಿ ತೆಗೆದ ಎರಡು ಅಳತೆಗಳ ನಡುವೆಯೇ 5ರಿಂದ 10 ಮಿ.ಮೀ. ವ್ಯತ್ಯಾಸ ಸಹಜವಾಗಿರುತ್ತದೆ. ಹೀಗಿರುವಾಗ 1 ಮಿ.ಮೀ. ಏರಿಕೆಯನ್ನು ಯಾವ ಮನೆ ಯಂತ್ರವೂ ಹಿಡಿಯಲಾರದು, ಹಿಡಿಯಬೇಕಾದ ಅಗತ್ಯವೂ ಇಲ್ಲ. ಅದು ಹಿಡಿಯಬಲ್ಲದ್ದು ಆ 'ಕೆಲವರಲ್ಲಿ' ತಾವೂ ಒಬ್ಬರೇ ಎಂಬುದನ್ನು. ಅದಕ್ಕೆ ಬೇಕಾದದ್ದು ಹೋಲಿಸಲು ಒಂದು ಹಳೆಯ ಅಂಕಿ.

ಮೊದಲ ಮಾತ್ರೆಗೂ ಮುಂಚೆ

ನೆಗಡಿ ಇಲ್ಲದ ದಿನಗಳ ಸರಾಸರಿ ಗೊತ್ತಿಲ್ಲದವರಿಗೆ ನೆಗಡಿಯ ದಿನದ 146/88 ಏನನ್ನೂ ಹೇಳುವುದಿಲ್ಲ. ಅದು ಹೊಸ ಏರಿಕೆಯೋ, ಮೂರು ವರ್ಷದಿಂದ ಇದ್ದದ್ದೋ ತಿಳಿಯದು. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಆರೋಗ್ಯವಾಗಿದ್ದಾಗಲೇ ಒಂದು ವಾರ ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಅಳೆದು, ಮೊದಲ ದಿನದ್ದನ್ನು ಬಿಟ್ಟು ಉಳಿದದ್ದರ ಸರಾಸರಿಯನ್ನು ಯಂತ್ರದ ಡಬ್ಬಿಯ ಮೇಲೇ ಬರೆದಿಡುವುದು ಒಳ್ಳೆಯದು. ಮನೆಯಲ್ಲಿ ಅಳೆದಾಗ ಸರಾಸರಿ 135/85ಕ್ಕಿಂತ ಕೆಳಗಿದ್ದರೆ ಹತೋಟಿಯಲ್ಲಿದೆ ಎಂದು ಲೆಕ್ಕ. ಆಸ್ಪತ್ರೆಯಲ್ಲಿ ಇದಕ್ಕೆ ಸಮನಾದ ಗೆರೆ 140/90.

ಹಳೆಯ ಲೆಕ್ಕ ಇಲ್ಲದಿದ್ದರೆ, ಕನಿಷ್ಠ ಮೊದಲ ನೆಗಡಿ ಮಾತ್ರೆ ನುಂಗುವ ಮುನ್ನ ಒಂದು ಜೋಡಿ ಅಳತೆ ಬೇಕು. ಅದೇ 160/100 ದಾಟಿದ್ದರೆ ಡಿಕಂಜೆಸ್ಟೆಂಟ್ ಇರುವ ಮಾತ್ರೆಯನ್ನು ಶುರುಮಾಡಲೇಬಾರದು. ಐರೋಪ್ಯ ಔಷಧ ಸಂಸ್ಥೆ 2024ರ ಆರಂಭದಲ್ಲಿ, ತೀವ್ರವಾದ ಅಥವಾ ಹತೋಟಿಗೆ ಬಾರದ ರಕ್ತದೊತ್ತಡ ಇರುವವರೂ ತೀವ್ರ ಮೂತ್ರಪಿಂಡದ ಕಾಯಿಲೆಯವರೂ ಸ್ಯೂಡೋಎಫೆಡ್ರಿನ್ ಬಳಸಬಾರದು ಎಂದು ಹೇಳಿತು. ಮಿದುಳಿನ ರಕ್ತನಾಳಗಳು ಸೆಟೆದುಕೊಳ್ಳುವ, ಅಪರೂಪದ ಆದರೆ ಗಂಭೀರವಾದ ತೊಂದರೆಗಳು ವರದಿಯಾದದ್ದು ಅದಕ್ಕೆ ಕಾರಣ. ಪಾರ್ಕಿನ್ಸನ್ ಕಾಯಿಲೆಗೆ ಸೆಲಿಜಿಲಿನ್, ರಾಸಜಿಲಿನ್ ತೆಗೆದುಕೊಳ್ಳುವವರಿಗೂ, ಸೋಂಕಿಗೆ ಲಿನೆಜೋಲಿಡ್ ನಡೆಯುತ್ತಿರುವವರಿಗೂ ಈ ಎರಡು ಔಷಧಗಳೂ ನಿಷಿದ್ಧ. ಇವುಗಳ ಜೊತೆ ಸೇರಿದರೆ ಒತ್ತಡ ಒಮ್ಮೆಗೇ ಮುಗಿಲು ಮುಟ್ಟಬಹುದು. ಇಂಥವರಿಗೆ ಅಳೆದು ನೋಡಿ ತೀರ್ಮಾನಿಸುವ ಪ್ರಶ್ನೆಯೇ ಬರುವುದಿಲ್ಲ.

ಕಾಯಿಲೆಯ ದಿನ ಅಳೆಯುವುದು

ಯಂತ್ರ ತೋಳಿಗೆ ಕಟ್ಟುವಂಥದ್ದಾಗಿರಲಿ. ಮಣಿಕಟ್ಟಿನದಕ್ಕೆ ಕೈ ಎತ್ತರದ ತಪ್ಪು ಬೇಗ ತಾಗುತ್ತದೆ. ಪಟ್ಟಿ ತೋಳಿನ ಸುತ್ತಳತೆಗೆ ಸರಿಹೊಂದಬೇಕು. ಸಾಮಾನ್ಯ ಪಟ್ಟಿ ಸುಮಾರು 22ರಿಂದ 32 ಸೆಂ.ಮೀ. ಸುತ್ತಳತೆಗೆ ಮಾಡಿದ್ದು, ಆ ಮಿತಿಯನ್ನು ಪಟ್ಟಿಯ ಮೇಲೇ ಅಚ್ಚು ಮಾಡಿರುತ್ತಾರೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಇಲ್ಲದ ಬಿ.ಪಿ. ಹುಟ್ಟಿಕೊಳ್ಳುತ್ತದೆ.

ಈ ಯಂತ್ರ ವೈದ್ಯರಂತೆ ಸ್ಟೆತಾಸ್ಕೋಪಿನಲ್ಲಿ ಸದ್ದು ಕೇಳಿ ಅಳೆಯುವುದಿಲ್ಲ. ಪಟ್ಟಿಯೊಳಗಿನ ಗಾಳಿ ಇಳಿಯುತ್ತಿರುವಾಗ (ಕೆಲವದರಲ್ಲಿ ಏರುತ್ತಿರುವಾಗ) ನಾಡಿಯ ಮಿಡಿತದಿಂದ ಆ ಗಾಳಿಯಲ್ಲಿ ಏಳುವ ಸಣ್ಣ ಅಲೆಗಳನ್ನು ಅದು ಗಮನಿಸುತ್ತದೆ. ಅಲೆ ಅತಿ ದೊಡ್ಡದಾದ ಬಿಂದುವನ್ನು ಹಿಡಿದು, ಅದರಿಂದ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಲೆಕ್ಕ ಹಾಕುತ್ತದೆ. ಇದು ತಿಳಿದಿದ್ದರೆ ಕಾಯಿಲೆಯ ದಿನದ ತಪ್ಪುಗಳು ಏಕೆ ಆಗುತ್ತವೆ ಎಂಬುದೂ ತಿಳಿಯುತ್ತದೆ. ಅಳೆಯುವಾಗ ಒಂದು ಕೆಮ್ಮು ಬಂದರೆ, ಚಳಿಗೆ ತೋಳು ನಡುಗಿದರೆ, ಆ ಅಲುಗಾಟವೂ ಯಂತ್ರಕ್ಕೆ ಅಲೆಯಾಗಿಯೇ ಕಾಣುತ್ತದೆ. ಕೆಲವೊಮ್ಮೆ ತಪ್ಪು ಎಂದು ಪರದೆಯಲ್ಲಿ ಸೂಚನೆ ಬರುತ್ತದೆ. ಕೆಲವೊಮ್ಮೆ, ಇನ್ನೂ ಕೆಟ್ಟದ್ದು, ಸೂಚನೆ ಕೊಡದೆ ತಪ್ಪು ಅಂಕಿ ಬರುತ್ತದೆ. ಕೆಮ್ಮು ಬಂದರೆ ಆ ಅಳತೆಯನ್ನು ಬಿಟ್ಟು, ಎರಡು ಮೂರು ನಿಮಿಷ ಸುಮ್ಮನಿದ್ದು ಮತ್ತೆ ಅಳೆಯಬೇಕು. ಚಳಿಯಿಂದ ನಡುಗುತ್ತಿರುವವರನ್ನು ಹೊದಿಸಿ, ನಡುಕ ನಿಂತ ಮೇಲೆಯೇ ನೋಡಬೇಕು.

ಕಾಯಿಲೆಯವರು ಮಂಚದ ಅಂಚಿನಲ್ಲಿ, ಬೆನ್ನಿಗೆ ಆಸರೆಯಿಲ್ಲದೆ, ಕೈಯನ್ನು ಜೋತುಬಿಟ್ಟು ಕೂತಿರುತ್ತಾರೆ. ಯಂತ್ರವನ್ನು ಅಲ್ಲಿಗೇ ತಂದು ಕಟ್ಟುವುದು ನಮ್ಮ ಮನೆಗಳ ರೂಢಿ. ತೋಳು ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 7-8 ಮಿ.ಮೀ. ಹೆಚ್ಚು ಬರುತ್ತದೆ. ಇದು ನೀರಿನ ಕಂಬದ ಲೆಕ್ಕ, ರೋಗಿಯ ಲೆಕ್ಕವಲ್ಲ. ಒಂದು ಕುರ್ಚಿ, ಬೆನ್ನಿಗೆ ಒರಗು, ನೆಲಕ್ಕೆ ಊರಿದ ಎರಡೂ ಪಾದ, ಮೇಜಿಲ್ಲದಿದ್ದರೆ ತೋಳಿನ ಕೆಳಗೆ ಎರಡು ದಿಂಬು, ಇಷ್ಟಿದ್ದರೆ ಸಾಕು. ಮಲೆನಾಡಿನ ಮಳೆಗಾಲದಲ್ಲಿ ಸ್ವೆಟರಿನ ತೋಳನ್ನು ಮೇಲಕ್ಕೆ ಸುರುಳಿ ಸುತ್ತಿ ಪಟ್ಟಿ ಕಟ್ಟುವುದುಂಟು. ಆ ಸುರುಳಿಯೇ ತೋಳನ್ನು ಬಿಗಿದಿರುತ್ತದೆ. ಒಂದು ಕೈಯನ್ನು ಸ್ವೆಟರಿನಿಂದ ಹೊರಗೆ ತೆಗೆದು, ಮೇಲೆ ಶಾಲು ಹೊದ್ದುಕೊಳ್ಳುವುದು ಸರಿ.

ಐದು ನಿಮಿಷ ಮಾತಿಲ್ಲದೆ ಕೂತ ಮೇಲೆ ಒಂದು ಅಳತೆ, ಒಂದು ನಿಮಿಷ ಬಿಟ್ಟು ಇನ್ನೊಂದು, ಎರಡರ ಸರಾಸರಿ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ ಬೇಡ, ಮೂಗಿಗೆ ಹಬೆ ಹಿಡಿಯುವುದೂ ಬೇಡ. ಮೂತ್ರಕ್ಕೆ ಹೋಗಿ ಬಂದು ಕೂರಬೇಕು. ಈ ಕೊನೆಯದನ್ನು ಹಗುರವಾಗಿ ಕಾಣಬಾರದು, ಅದರಲ್ಲೂ ವಯಸ್ಸಾದ ಗಂಡಸರಲ್ಲಿ. ಪ್ರಾಸ್ಟೇಟ್ ದೊಡ್ಡದಾಗಿರುವವರಲ್ಲಿ ಡಿಕಂಜೆಸ್ಟೆಂಟು ಮೂತ್ರದ ದ್ವಾರವನ್ನು ಬಿಗಿಯುತ್ತದೆ, ಕ್ಲೋರ್‌ಫೆನಿರಮಿನ್ ಮೂತ್ರಕೋಶದ ಹಿಂಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಮೂತ್ರ ಕಟ್ಟಿಕೊಂಡು ಹೊಟ್ಟೆಯ ಕೆಳಭಾಗ ಬಿಗಿದಾಗ ಆ ನೋವಿಗೇ ಬಿ.ಪಿ. ಏರುತ್ತದೆ. ನೆಗಡಿ ಮಾತ್ರೆ ಶುರುವಾದ ಮೇಲೆ ಅಜ್ಜನ ಬಿ.ಪಿ. 170 ಆಯಿತು ಎಂದಾಗ, ಬೆಳಿಗ್ಗೆಯಿಂದ ಅವರು ಬಚ್ಚಲಿಗೆ ಎಷ್ಟು ಸಲ ಹೋಗಿದ್ದಾರೆ, ಹೋದಾಗ ಮೂತ್ರ ಆಯಿತೇ ಎಂದು ಕೇಳಬೇಕು. ಆಗಿಲ್ಲವಾದರೆ ಅದು ಆಸ್ಪತ್ರೆಗೆ ಹೋಗಬೇಕಾದ ತೊಂದರೆ.

ಯಾವ ಹೊತ್ತಿಗೆ ಅಳೆಯಬೇಕು ಎಂಬುದನ್ನು ಔಷಧವೇ ನಿರ್ಧರಿಸುತ್ತದೆ. ಬಿ.ಪಿ. ರೋಗಿಗಳು ರೂಢಿಯಂತೆ ಬೆಳಿಗ್ಗೆ ಮಾತ್ರೆ ತೆಗೆದುಕೊಳ್ಳುವ ಮುನ್ನ ಒಮ್ಮೆ ನೋಡುತ್ತಾರೆ. ಆ ಹೊತ್ತಿಗೆ ಹಿಂದಿನ ರಾತ್ರಿಯ ನೆಗಡಿ ಮಾತ್ರೆಯ ಪ್ರಭಾವ ಇಳಿದಿರುತ್ತದೆ. ಹಾಗಾಗಿ ಬರೀ ಬೆಳಗಿನ ಅಳತೆ ನೋಡಿದರೆ ಏನೂ ಆಗಿಲ್ಲವೆಂದು ಕಾಣುತ್ತದೆ. ಫಿನೈಲೆಫ್ರಿನ್ ನುಂಗಿದ ಒಂದೆರಡು ಗಂಟೆಯೊಳಗೆ, ಸಾಮಾನ್ಯ ಸ್ಯೂಡೋಎಫೆಡ್ರಿನ್ ಎರಡು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಹನ್ನೆರಡು ಗಂಟೆ ಕೆಲಸಮಾಡುವ, ನಿಧಾನವಾಗಿ ಕರಗುವ 120 ಮಿಲಿಗ್ರಾಮಿನ ಮಾತ್ರೆ ಇನ್ನೂ ಕೆಲವು ಗಂಟೆ ತಡವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ಮಾತ್ರೆಗೆ ಮುಂಚೆ ಒಂದು ಜೋಡಿ, ಮಾತ್ರೆಯ ನಂತರ ಒಂದೂವರೆ ಎರಡು ಗಂಟೆಗೆ ಒಂದು ಜೋಡಿ (ನಿಧಾನದ್ದಾದರೆ ನಾಲ್ಕು ಗಂಟೆಯ ಹೊತ್ತಿಗೆ), ಸಂಜೆಗೆ ಒಂದು ಜೋಡಿ. ದಿನಕ್ಕೆ ಇದಕ್ಕಿಂತ ಹೆಚ್ಚು ಬೇಡ. ಅರ್ಧ ಗಂಟೆಗೊಮ್ಮೆ ಅಳೆಯುತ್ತ ಕೂತವರಿಗೆ ಆತಂಕವೇ ಬಿ.ಪಿ.ಯನ್ನು ಮೇಲೆತ್ತುತ್ತದೆ.

ಒಂದು ಪುಸ್ತಕದ ಎಂಟು ದಿನ

ಕಲ್ಪಿತ ಉದಾಹರಣೆಯೊಂದನ್ನು ನೋಡೋಣ. ಶಿವಮೊಗ್ಗದ 58 ವರ್ಷದ ಗೃಹಿಣಿ. ಟೆಲ್ಮಿಸಾರ್ಟನ್ 40 ಮತ್ತು ಆಮ್ಲೋಡಿಪಿನ್ 5 ಮಿಲಿಗ್ರಾಂ ದಿನವೂ ಬೆಳಿಗ್ಗೆ ತೆಗೆದುಕೊಳ್ಳುತ್ತಾರೆ. ಹಿಂದಿನ ತಿಂಗಳ ಸರಾಸರಿ 128/78, ನಾಡಿ 72. ಮೇಲಿನ ಅಂಕಿ 120 ಮತ್ತು 136ರ ನಡುವೆ ಓಡಾಡುತ್ತದೆ.

ಸೋಮವಾರ ಸಂಜೆ ನೆಗಡಿ ಶುರು. ತಲೆಯ ಮೇಲೆ ಟವೆಲ್ ಹೊದ್ದು, ಪಾತ್ರೆಯ ಮೇಲೆ ಬಗ್ಗಿ ಹಬೆ ಹಿಡಿದರು. ಎದ್ದ ಕೂಡಲೇ ಸೊಸೆಗೆ 'ನೋಡೇ, ತಲೆಯೆಲ್ಲ ಧಿಮ್ ಅಂತಿದೆ' ಎಂದು ಹೇಳುತ್ತಲೇ ಪಟ್ಟಿ ಕಟ್ಟಿಸಿಕೊಂಡರು. 162/90. ಸೊಸೆ ಗಾಬರಿಯಾದಳು. ಕುರ್ಚಿಯಲ್ಲಿ ಕೂರಿಸಿ, ಟಿವಿ ಆರಿಸಿ, ಹತ್ತು ನಿಮಿಷ ಬಿಟ್ಟು ನೋಡಿದಾಗ 134/80, ಮತ್ತೆ 130/80. ಪುಸ್ತಕದಲ್ಲಿ ಬರೆದದ್ದು 132/80, ನಾಡಿ 80. ಮೊದಲಿನ 162ಕ್ಕೂ ಯಾವ ಮಾತ್ರೆಗೂ ಸಂಬಂಧವಿಲ್ಲ. ಆಗಿನ್ನೂ ನೆಗಡಿ ಮಾತ್ರೆಯನ್ನೇ ನುಂಗಿರಲಿಲ್ಲ. ಬಗ್ಗಿ ಎದ್ದದ್ದು, ಆಗಲೇ ಮಾತಾಡಿದ್ದು, ವಿಶ್ರಾಂತಿ ಇಲ್ಲದ್ದು ಸೇರಿ ಆದ ಅಂಕಿ ಅದು. ಮಾತ್ರೆ ನುಂಗಿದ ಮೇಲೆ ಇದೇ ಅಂಕಿ ಬಂದಿದ್ದರೆ ಎಲ್ಲರೂ ಮಾತ್ರೆಯನ್ನೇ ದೂರುತ್ತಿದ್ದರು.

ಅಂದು ರಾತ್ರಿಯಿಂದ ಮೆಡಿಕಲ್ ಶಾಪಿನ ಮಾತ್ರೆ, ಫಿನೈಲೆಫ್ರಿನ್ 10 ಮಿಲಿಗ್ರಾಂ ಇದ್ದದ್ದು, ದಿನಕ್ಕೆ ಮೂರು. ಮಂಗಳವಾರ ಮತ್ತು ಬುಧವಾರ ಮಾತ್ರೆಯ ಎರಡು ಗಂಟೆಯ ನಂತರದ ಸರಾಸರಿಗಳು 134/80 ಮತ್ತು 131/79. ಹಿಂದಿನ ಓಡಾಟದ ಮಿತಿಯೊಳಗೇ ಇವೆ. ಬಿ.ಪಿ. ಏರಲಿಲ್ಲ. ಮೂಗೂ ಬಿಡಲಿಲ್ಲ.

ಗುರುವಾರ ಬೆಳಿಗ್ಗೆ 7ಕ್ಕೆ, ಮಗ ಕಳೆದ ಸಲ ಅಮೆರಿಕದಿಂದ ಬಂದಾಗ ಬಿಟ್ಟುಹೋಗಿದ್ದ ಹನ್ನೆರಡು ಗಂಟೆಯ ಸ್ಯೂಡೋಎಫೆಡ್ರಿನ್ ಮಾತ್ರೆ ನೆನಪಾಯಿತು. ಅಂಗಡಿಯ ಮಾತ್ರೆ ನಿಲ್ಲಿಸಿ ಅದನ್ನು ನುಂಗಿದರು. ಅದಕ್ಕೆ ಮುಂಚೆ 132/80. ಹನ್ನೊಂದಕ್ಕೆ 152/88 ಮತ್ತು 148/86, ಸರಾಸರಿ 150/87, ನಾಡಿ 92. ಸಂಜೆ ಆರಕ್ಕೆ 145/85, ನಾಡಿ 90. ಮೂಗು ಚೆನ್ನಾಗಿ ಬಿಟ್ಟಿತ್ತು. ರಾತ್ರಿ ಮಾತ್ರ ಎರಡು ಗಂಟೆಯವರೆಗೂ ನಿದ್ದೆ ಬರಲಿಲ್ಲ, ಎದೆ ಡವಡವ ಅನ್ನುತ್ತಿತ್ತು. ಶುಕ್ರವಾರ ಬೆಳಿಗ್ಗೆ 138/82. ಮತ್ತೊಂದು ಮಾತ್ರೆ. ಹನ್ನೊಂದಕ್ಕೆ ಸರಾಸರಿ 154/89, ನಾಡಿ 94. ಸೊಸೆ ಫೋನ್ ಮಾಡಿ ಕೇಳಿದಾಗ ಮನೆಯ ವೈದ್ಯರು ಆ ಮಾತ್ರೆ ನಿಲ್ಲಿಸಿ, ಬಿ.ಪಿ. ಮಾತ್ರೆ ಇದ್ದ ಹಾಗೇ ಇರಲಿ ಎಂದರು. ಶನಿವಾರ 136/82, ಸೋಮವಾರ 129/78, ನಾಡಿ 74.

ಇಲ್ಲಿ 150 ಎಂಬ ಅಂಕಿಗಿಂತ ಆಕೃತಿ ಮುಖ್ಯ. ನೆಗಡಿ ಆರು ದಿನವೂ ಇತ್ತು. ಕಾಯಿಲೆಯೇ ಕಾರಣವಾಗಿದ್ದರೆ ಏರಿಕೆ ಮಂಗಳವಾರ, ಬುಧವಾರವೂ ಕಾಣಬೇಕಿತ್ತು. ಮಾತ್ರೆ ನುಂಗಿದ ನಾಲ್ಕು ಗಂಟೆಗೆ ಏರಿ, ಮರುದಿನ ಬೆಳಿಗ್ಗೆ ಇಳಿದು, ಎರಡನೆಯ ಮಾತ್ರೆಗೆ ಮತ್ತೆ ಏರಿ, ನಿಲ್ಲಿಸಿದಾಗ ಹೋಯಿತು. ಜೊತೆಗೆ ನಾಡಿ 20ರಷ್ಟು ಏರಿದ್ದು ಇನ್ನೊಂದು ಸುಳಿವು, ಅವರಿಗೆ ಜ್ವರವೂ ಇರಲಿಲ್ಲ. ಜ್ವರವಿದ್ದಿದ್ದರೆ ನಾಡಿಯನ್ನು ಇಷ್ಟು ನಂಬುವಂತಿರಲಿಲ್ಲ, ಮೈಬಿಸಿ ಏರಿದಂತೆ ನಾಡಿ ತಾನಾಗಿಯೇ ಏರುತ್ತದೆ. ಈ ಮಹಿಳೆ ಸ್ಯೂಡೋಎಫೆಡ್ರಿನ್‌ಗೆ ಸರಾಸರಿಯಂತೆ ಸ್ಪಂದಿಸುವವರಲ್ಲ. ಈ ಮಾತನ್ನು ಅವರ ಚೀಟಿಯಲ್ಲಿ ಬರೆದಿಟ್ಟರೆ ಮುಂದಿನ ನೆಗಡಿಗೆ ಯಂತ್ರದ ಅಗತ್ಯವೇ ಬೀಳದು.

ಅಂಕಿ ಏರಿದಾಗ

ತನ್ನ ಹಳೆಯ ಸರಾಸರಿಗಿಂತ ಮೇಲಿನ ಅಂಕಿ 15ರಷ್ಟು ಹೆಚ್ಚಾಗಿ, ಅದು ಎರಡು ಬೇರೆ ಹೊತ್ತಿನ ಅಳತೆಗಳಲ್ಲೂ ಕಂಡರೆ ಡಿಕಂಜೆಸ್ಟೆಂಟ್ ನಿಲ್ಲಿಸುವುದು ಸಮಂಜಸ. ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಮೂಗು ಕಟ್ಟಿದ್ದರೆ ಜೀವಕ್ಕೇನೂ ಆಗದು. ಜನ ಮಾಡುವ ತಪ್ಪು ಬೇರೆ: ಅಂಕಿ ನೋಡಿ ಬಿ.ಪಿ. ಮಾತ್ರೆಯನ್ನು ಎರಡು ನುಂಗುವುದು. ಕೆಲವೇ ಗಂಟೆಗಳ ಪ್ರಭಾವವಿರುವ ಔಷಧದ ವಿರುದ್ಧ ಒಂದು ದಿನ ಕೆಲಸಮಾಡುವ ಔಷಧವನ್ನು ಹೆಚ್ಚಿಸಿದರೆ, ಮೊದಲಿನದು ಇಳಿದ ಮೇಲೆ ಎರಡನೆಯದು ಒಬ್ಬಂಟಿಯಾಗಿ ಬಿ.ಪಿ.ಯನ್ನು ಕೆಳಕ್ಕೆಳೆಯುತ್ತದೆ. ಹಿಂದೆ ನಿಫೆಡಿಪಿನ್ ಗುಳಿಗೆಯನ್ನು ಚುಚ್ಚಿ ನಾಲಗೆಯ ಕೆಳಗೆ ಹಿಂಡುವ ರೂಢಿ ಇತ್ತು. ಒತ್ತಡ ಹಠಾತ್ತಾಗಿ ಕುಸಿದು ಹೃದಯಾಘಾತ, ಪಾರ್ಶ್ವವಾಯು ಆದದ್ದರಿಂದ ವೈದ್ಯರು ಅದನ್ನು ಕೈಬಿಟ್ಟರು. ಮನೆಗಳಲ್ಲಿ ಆ ನೆನಪು ಇನ್ನೂ ಅಲ್ಲಲ್ಲಿ ಉಳಿದಿದೆ.

180/120 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಐದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಮತ್ತೆಯೂ ಅಷ್ಟೇ ಇದ್ದು ಯಾವ ತೊಂದರೆಯೂ ಇಲ್ಲದಿದ್ದರೆ ನೆಗಡಿ ಮಾತ್ರೆ ನಿಲ್ಲಿಸಿ ಅದೇ ದಿನ ವೈದ್ಯರನ್ನು ಕಾಣಬೇಕು. ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲುವುದು, ಒಂದು ಕಡೆಯ ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ಸಿಡಿಲು ಬಡಿದಂತೆ ಒಮ್ಮೆಗೇ ಬರುವ ತಲೆನೋವು, ಇವುಗಳಲ್ಲಿ ಯಾವುದಿದ್ದರೂ 108ಕ್ಕೆ ಕರೆ ಮಾಡಬೇಕು. ಈ ಲಕ್ಷಣಗಳಿದ್ದಾಗ ಅಂಕಿ 160 ಇದೆ ಎಂದು ಸಮಾಧಾನಪಟ್ಟುಕೊಳ್ಳುವುದೂ ತಪ್ಪು.

ಏರಿದ ಅಂಕಿಗೆಲ್ಲ ಡಿಕಂಜೆಸ್ಟೆಂಟನ್ನೇ ಹೊಣೆ ಮಾಡಲಾಗದು. ಮೈಕೈ ನೋವಿಗೆಂದು ಜೊತೆಗೇ ನುಂಗುವ ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್ ಮೈಯಲ್ಲಿ ಉಪ್ಪು ನೀರು ನಿಲ್ಲಿಸುತ್ತವೆ, ಟೆಲ್ಮಿಸಾರ್ಟನ್‌ನಂಥ ಬಿ.ಪಿ. ಮಾತ್ರೆಗಳ ಬಲವನ್ನೂ ತಗ್ಗಿಸುತ್ತವೆ. ಇವುಗಳ ಏರಿಕೆ ಗಂಟೆಗಳ ಲೆಕ್ಕದಲ್ಲಿ ಏರಿಳಿಯುವುದಿಲ್ಲ, ದಿನಗಳ ಲೆಕ್ಕದಲ್ಲಿ ನಿಧಾನವಾಗಿ ಹತ್ತುತ್ತದೆ. ಪುಸ್ತಕದಲ್ಲಿ ಬೆಳಗಿನ ಅಂಕಿಯೂ ದಿನದಿನಕ್ಕೆ ಮೇಲೇರುತ್ತಿದ್ದರೆ ಗುಮಾನಿ ಆ ಕಡೆ ತಿರುಗಬೇಕು. ಕೆಮ್ಮಿಗೆ ನಮ್ಮ ಮನೆಗಳಲ್ಲಿ ಕುದಿಸುವ ಕಷಾಯದ ಜೇಷ್ಠಮಧುವೂ ಇದೇ ಸಾಲಿನದು. ಅದರ ಸಿಹಿ ಅಂಶ ಮೂತ್ರಪಿಂಡಗಳು ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುವಂತೆ ಮಾಡುತ್ತದೆ. ಒಂದೆರಡು ಲೋಟಕ್ಕೆ ಏನೂ ಆಗದು, ವಾರಗಟ್ಟಲೆ ದಿನಕ್ಕೆ ಎರಡು ಮೂರು ಸಲ ಕುಡಿದರೆ ಬಿ.ಪಿ. ಏರುತ್ತದೆ. ಜ್ವರ ಬಂದಾಗ ಗಂಜಿಯ ಜೊತೆ ನೆಂಚಿಕೊಳ್ಳುವ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿಗಳನ್ನು ಬೇರೆ ಹೇಳಬೇಕಿಲ್ಲ.

ಮೂಗಿಗೆ ಹಾಕುವ ಕ್ಸೈಲೋಮೆಟಜೋಲಿನ್, ಆಕ್ಸಿಮೆಟಜೋಲಿನ್ ಹನಿಗಳೂ ಡಿಕಂಜೆಸ್ಟೆಂಟುಗಳೇ. ರಕ್ತಕ್ಕೆ ಸೇರುವ ಪಾಲು ಕಡಿಮೆ. ಹಾಗೆಂದು ಮೂರರಿಂದ ಐದು ದಿನ ದಾಟಿಸಿದರೆ ಔಷಧ ಬಿಟ್ಟಾಗಲೆಲ್ಲ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ಆಗ ಜನ ಇನ್ನಷ್ಟು ಹನಿ ಹಾಕುತ್ತಾರೆ, ತಿಂಗಳುಗಟ್ಟಲೆ ಬಾಟಲಿ ಜೇಬಿನಲ್ಲಿರುತ್ತದೆ. ಹನಿ ಹಾಕುತ್ತಿರುವಾಗ ನೆಗಡಿ ಮಾತ್ರೆಯನ್ನೂ ನುಂಗುವುದು ಒಂದೇ ಕೆಲಸಕ್ಕೆ ಇಬ್ಬರನ್ನು ಕರೆದಂತೆ. ಬಿ.ಪಿ. ಇರುವವರಿಗೆ ಉಪ್ಪುನೀರಿನ ಹನಿ ಇವೆರಡಕ್ಕಿಂತ ವಾಸಿ. ಅದನ್ನು ಮನೆಯಲ್ಲೇ ಮಾಡಿಕೊಳ್ಳುವುದಾದರೆ ಕುದಿಸಿ ಆರಿಸಿದ ನೀರೇ ಆಗಬೇಕು.

ಅಂಕಿ ಇಳಿದಾಗ

ಎಲ್ಲರ ಕಣ್ಣೂ ಏರಿಕೆಯ ಮೇಲಿರುವಾಗ ತಪ್ಪಿಸಿಕೊಳ್ಳುವುದು ಇಳಿಕೆ. ಮೂರು ದಿನ ಜ್ವರದಿಂದ ಬೆವತು, ಊಟ ಸೇರದೆ, ವಾಂತಿಯೋ ಭೇದಿಯೋ ಆದವರ ಮೈಯಲ್ಲಿ ನೀರಿರುವುದಿಲ್ಲ. ಅದರ ಮೇಲೆ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಅಥವಾ ಮೂತ್ರ ಹೆಚ್ಚಿಸುವ ಕ್ಲೋರ್‌ಥಾಲಿಡೋನ್‌ನಂಥ ಮಾತ್ರೆ ದಿನದಂತೆ ನಡೆದೇ ಇರುತ್ತದೆ. ಕೂತಾಗ 112/70 ಇದ್ದ ಅಂಕಿ ಎದ್ದು ನಿಂತಾಗ 88 ಆಗಬಹುದು. ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಎಷ್ಟೋ ಘಟನೆಗಳ ಹಿಂದೆ ಇದಿರುತ್ತದೆ, ಅದಕ್ಕೆ ಕ್ಲೋರ್‌ಫೆನಿರಮಿನ್‌ನ ಮಂಪರೂ ಸೇರಿಕೊಳ್ಳುತ್ತದೆ. ತಲೆ ಸುತ್ತುತ್ತಿದೆ ಎಂದರೆ ಕೂತು ಒಮ್ಮೆ, ಯಾರಾದರೂ ಹಿಡಿದುಕೊಂಡಿರುವಾಗ ನಿಂತು ಒಂದರಿಂದ ಮೂರು ನಿಮಿಷದೊಳಗೆ ಒಮ್ಮೆ ಅಳೆಯಬೇಕು. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ, ಇಲ್ಲವೇ ಕೂತಾಗಲೇ 100ಕ್ಕಿಂತ ಕೆಳಗಿದ್ದರೆ, ಆ ದಿನದ ಬಿ.ಪಿ. ಮಾತ್ರೆ ತೆಗೆದುಕೊಳ್ಳಬೇಕೇ ಬೇಡವೇ ಎಂದು ವೈದ್ಯರನ್ನು ಫೋನಿನಲ್ಲಾದರೂ ಕೇಳಬೇಕು. ಹಲವು ಸಂದರ್ಭಗಳಲ್ಲಿ ಅವರು ಒಂದೆರಡು ದಿನ ನಿಲ್ಲಿಸಲು ಹೇಳುತ್ತಾರೆ. ತಾವಾಗಿಯೇ ವಾರಗಟ್ಟಲೆ ಬಿಡುವುದು ಬೇರೆ ವಿಷಯ.

ಕೊನೆಗೆ, ನೆಗಡಿ ಹೋದರೂ ಒಣಕೆಮ್ಮು ಉಳಿದು, ಅದಕ್ಕಾಗಿ ಡಿಕಂಜೆಸ್ಟೆಂಟ್ ಇರುವ ಸಿರಪ್ಪನ್ನು ಬಾಟಲಿಯ ಮೇಲೆ ಬಾಟಲಿ ಮುಗಿಸುವವರಿದ್ದಾರೆ. ಅಂಥವರು ತಮ್ಮ ಬಿ.ಪಿ. ಮಾತ್ರೆಯ ಹೆಸರನ್ನು ಒಮ್ಮೆ ಓದಬೇಕು. ಅದರ ಕೊನೆ 'ಪ್ರಿಲ್' ಎಂದಿದ್ದರೆ, ಅಂದರೆ ಎನಲಾಪ್ರಿಲ್, ರಾಮಿಪ್ರಿಲ್, ಪೆರಿಂಡೋಪ್ರಿಲ್ ಆಗಿದ್ದರೆ, ಕೆಮ್ಮು ತರುತ್ತಿರುವುದು ಆ ಮಾತ್ರೆಯೇ ಇರಬಹುದು. ಅದನ್ನು ವೈದ್ಯರು ಬದಲಿಸಿಕೊಟ್ಟರೆ ಕೆಮ್ಮು ಕೆಲವು ವಾರಗಳಲ್ಲಿ ತಾನಾಗಿ ಅಡಗುತ್ತದೆ, ಸಿರಪ್ಪಿನ ಬಾಟಲಿಯೂ ಬೇಡವಾಗುತ್ತದೆ.